‘ದೇ’ ಅಂದರೆ ಯಾರು?

ಹಸುಗೂಸಿನ ಆರೈಕೆಯ ಬಗ್ಗೆ ಒಂದು ಇಂಗ್ಲಿಷ್ ಕರಪತ್ರ ಅನುವಾದಕ್ಕೆ ಬಂದಿತ್ತು. ಹೆರಿಗೆ ವಾರ್ಡಿನಲ್ಲಿ ಹಂಚುವಂಥದ್ದು, ಒಂದೇ ಹಾಳೆ. ಸಂಜೆಯೊಳಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅದರಲ್ಲಿದ್ದ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಕೇಳಿಸುವ ಹಾಗೆಯೇ ಬರೆಯುತ್ತೇನೆ: ‘ನರ್ಸಸ್ ಶುಡ್ ಟೆಲ್ ಮದರ್ಸ್ ದಟ್ ದೇ ಮಸ್ಟ್ ವಾಶ್ ದೇರ್ ಹ್ಯಾಂಡ್ಸ್ ಬಿಫೋರ್ ಟಚಿಂಗ್ ದ ಬೇಬೀಸ್. ಇಫ್ ದೇ ಹ್ಯಾವ್ ಅ ಫೀವರ್, ದೇ ಶುಡ್ ಬಿ ಕೆಪ್ಟ್ ಅಪಾರ್ಟ್ ಅಂಟಿಲ್ ಇಟ್ ಸೆಟಲ್ಸ್.’

ಓದಿದಾಗ ಎಲ್ಲೂ ತೊಡಕಿಲ್ಲ. ಶಬ್ದಗಳೆಲ್ಲ ಪ್ರೈಮರಿ ಶಾಲೆಯ ಮಟ್ಟದವು. ಕನ್ನಡದಲ್ಲಿ ಬರೆಯಲು ಕೂತಾಗ ಮಾತ್ರ ಕೈ ನಿಂತಿತು. ಜ್ವರ ಬರುವುದು ಯಾರಿಗೆ? ನರ್ಸಿಗೋ, ಬಾಣಂತಿಗೋ, ಕೂಸಿಗೋ?

ಅನುವಾದಕ್ಕೆ ಮೊದಲು ಇಂಗ್ಲಿಷ್ ವಾಕ್ಯಗಳಲ್ಲಿ ಸಂದಿಗ್ಧತೆಯನ್ನು ಹುಡುಕಿ ಗುರುತು ಹಾಕುವುದು ಈಗ ನಮ್ಮ ಕಸುಬಿನಲ್ಲಿ ಒಂದು ರೂಢಿಯಾಗಿದೆ. ಕೆಲಸ ಕೊಡುವವರು ಕೆಲವೊಮ್ಮೆ ಅದಕ್ಕೊಂದು ಪಟ್ಟಿಯನ್ನೂ ಕಳಿಸುತ್ತಾರೆ. ‘ಇಟ್’, ‘ದೇ’, ‘ದಿಸ್’ ಬಂದಲ್ಲೆಲ್ಲ ಅದು ಯಾವ ನಾಮಪದಕ್ಕೆ ಸಲ್ಲುತ್ತದೆ ಎಂದು ನೋಡಿ. ‘ಅಂಡ್’, ‘ಆರ್’ ಇದ್ದಲ್ಲಿ ವಿಶೇಷಣ ಎಷ್ಟು ದೂರ ಹಬ್ಬುತ್ತದೆ ಎಂದು ನೋಡಿ. ವಾಕ್ಯ ಉದ್ದವಾಗಿದ್ದರೆ ಮುರಿದು ನೋಡಿ. ಪಟ್ಟಿ ತಪ್ಪಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಹಲವು ವರ್ಷ ದುಡಿದ ಮೇಲೆ ನನಗೊಂದು ತಕರಾರು ಹುಟ್ಟಿದೆ. ಸಂದಿಗ್ಧತೆ ಇಂಗ್ಲಿಷ್ ವಾಕ್ಯದ ಒಳಗೇ ಕೂತಿರುತ್ತದೆ, ಇಂಗ್ಲಿಷನ್ನು ಜಾಗ್ರತೆಯಿಂದ ಓದಿದರೆ ಸಿಕ್ಕಿಬಿಡುತ್ತದೆ ಎಂಬ ನಂಬಿಕೆಯ ಮೇಲೆ ಈ ಪಟ್ಟಿಗಳು ನಿಂತಿವೆ. ನನ್ನ ಅನುಭವದಲ್ಲಿ ಅದು ಅಲ್ಲಿ ಸಿಗುವುದು ಅಪರೂಪ. ಕನ್ನಡ ಎಲ್ಲಿ ‘ಇದೋ ಅದೋ ಹೇಳು’ ಎಂದು ಹಟ ಹಿಡಿಯುತ್ತದೋ ಅಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕನ್ನಡ ಹಟ ಹಿಡಿಯದೆ ಸದ್ದಿಲ್ಲದೆ ದಾಟಿಸಿಬಿಡುವ ಕಡೆ ಇನ್ನೂ ದೊಡ್ಡ ಅಪಾಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪಟ್ಟಿಗಳಿಗೆ ಒಂದು ವಂಶಾವಳಿ ಇದೆ. ವಿಮಾನಗಳ ದುರಸ್ತಿ ಕೈಪಿಡಿಗಳಿಗೆಂದು ಯುರೋಪಿನ ವಿಮಾನೋದ್ಯಮದವರು 1980ರ ದಶಕದಲ್ಲಿ ಬಿಗಿಯಾದ ಒಂದು ಇಂಗ್ಲಿಷನ್ನು ರೂಪಿಸಿದರು; ಇವತ್ತು ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಸೂಚನಾ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು, ಒಂದು ಪದಕ್ಕೆ ಸಾಧ್ಯವಾದಷ್ಟೂ ಒಂದೇ ಅರ್ಥ. ಇಂಗ್ಲಿಷ್ ತಾಯಿನುಡಿಯಲ್ಲದ ಮೆಕ್ಯಾನಿಕ್ ರೆಕ್ಕೆಯ ಕೆಳಗೆ ನಿಂತು ಓದಿದರೂ ಎಡವಬಾರದು ಎನ್ನುವುದು ಅದರ ಉದ್ದೇಶ. 2008ರಲ್ಲಿ ಜಾನ್ ಕೋಲ್ ಬರೆದ ‘ದ ಗ್ಲೋಬಲ್ ಇಂಗ್ಲಿಷ್ ಸ್ಟೈಲ್ ಗೈಡ್’ ಅನುವಾದಕ್ಕೆ ಹೋಗಲಿರುವ ತಾಂತ್ರಿಕ ಬರಹವನ್ನೇ ಗಮನದಲ್ಲಿಟ್ಟುಕೊಂಡ ಪುಸ್ತಕ. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇವು ಬರೆಯುವವನಿಗೆ ಹೇಳಿದ ಬುದ್ಧಿಮಾತು. ಬರೆದು ಮುಗಿಸಿ, ಡಾಕ್ಟರರ ಸಹಿಯಾಗಿ, ಪಿಡಿಎಫ್ ಆಗಿ ಬಂದು ಬಿದ್ದ ಕಾಗದದ ಮುಂದೆ ಕೂತ ಅನುವಾದಕನಿಗೆ ವಾಕ್ಯವನ್ನು ತಿದ್ದುವ ಹಕ್ಕಿಲ್ಲ. ಅವನಿಗಿರುವುದು ಕೇಳುವ ಹಕ್ಕು ಒಂದೇ, ಅದನ್ನೂ ಅಳೆದು ಬಳಸಬೇಕು.

ಆ ಕರಪತ್ರವನ್ನು ಮೊದಲು ನೋಡಿದ್ದು ನನ್ನ ಜೊತೆ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ಪಟ್ಟಿಯ ಪ್ರಕಾರ ಆ ಎರಡು ವಾಕ್ಯಗಳಲ್ಲಿದ್ದ ಐದು ಸರ್ವನಾಮಗಳಿಗೂ ಕೆಂಪು ಗುರುತು ಹಾಕಿದ್ದಳು. “ಸರ್, ಐದಕ್ಕೂ ಪ್ರಶ್ನೆ ಕಳಿಸಿದರೆ ಅವರು ಅನುವಾದಕರನ್ನೇ ಬದಲಾಯಿಸುತ್ತಾರೆ” ಎಂದೂ ಅವಳೇ ಹೇಳಿದಳು. ನಿಜ. ಹಾಗಾಗಿ ಒಂದೊಂದನ್ನೇ ಎದುರಿಗಿಟ್ಟುಕೊಂಡೆವು.

ಕೊನೆಯ ‘ಇಟ್’ ಜ್ವರವೇ, ಬೇರೇನೂ ಆಗಲಾರದು; ಕನ್ನಡದಲ್ಲಿ ‘ಜ್ವರ ಇಳಿಯುವವರೆಗೆ’ ಎಂದು ಬರೆದರೆ ಮುಗಿಯಿತು. ‘ದೇರ್ ಹ್ಯಾಂಡ್ಸ್’ ಕೂಡ ಅಷ್ಟೆ. ಕೈ ತೊಳೆಯುವವರು ತೊಳೆಯುವುದು ತಮ್ಮ ಕೈಯನ್ನೇ, ಕನ್ನಡದಲ್ಲಿ ‘ತೊಳೆದುಕೊಳ್ಳು’ ಎಂಬ ಕ್ರಿಯಾಪದವೇ ಅದನ್ನು ಹೊತ್ತುಕೊಳ್ಳುತ್ತದೆ, ಸರ್ವನಾಮ ಬೇಡವೇ ಬೇಡ. ಉಳಿದದ್ದು ಮೂರು ‘ದೇ’.

ಮೊದಲನೆಯ ‘ದೇ’ ನೋಡಿ. ಕೈ ತೊಳೆಯಬೇಕಾದವರು ಯಾರು? ನನ್ನ ಕೈ ತಾನಾಗಿ ಬರೆದ ವಾಕ್ಯ ಇದು: ‘ಕೈ ತೊಳೆದುಕೊಂಡೇ ಕೂಸನ್ನು ಮುಟ್ಟುವಂತೆ ನರ್ಸ್‌ಗಳು ಬಾಣಂತಿಯರಿಗೆ ತಿಳಿಹೇಳಬೇಕು.’ ಓದಲು ಹಿತವಾಗಿದೆ, ಎಲ್ಲೂ ಅನುವಾದದ ವಾಸನೆಯಿಲ್ಲ. ಸರ್ವನಾಮವೂ ಇಲ್ಲ. ಆದರೆ ‘ಮುಟ್ಟುವಂತೆ ಹೇಳು’ ಎಂದ ಕ್ಷಣದಲ್ಲೇ ಮುಟ್ಟುವವಳು ಬಾಣಂತಿ ಎಂದು ತೀರ್ಮಾನವಾಗಿ ಹೋಯಿತು. ಕನ್ನಡದಲ್ಲಿ ಯಾರಿಗೆ ಹೇಳುತ್ತಾರೋ ಅವರೇ ‘-ವಂತೆ’ಯ ಕರ್ತೃ. ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥವೂ ಇದೆ: ನರ್ಸ್‌ಗಳಾದ ನಾವು ಕೈ ತೊಳೆಯದೆ ಮಗುವನ್ನು ಮುಟ್ಟಕೂಡದು, ಇದು ನಿಮಗೆ ಗೊತ್ತಿರಲಿ ಎಂದು ಅವರು ತಾಯಂದಿರಿಗೆ ಹೇಳಬೇಕು. ವಿಚಿತ್ರ ಅನ್ನಿಸಬಹುದು. ಆದರೆ ಸಿಬ್ಬಂದಿಯನ್ನು ‘ಕೈ ತೊಳೆದಿರಾ?’ ಎಂದು ಕೇಳುವಂತೆ ರೋಗಿಗಳನ್ನೇ ಹುರಿದುಂಬಿಸುವ ಪ್ರಚಾರ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದಿದೆ. ಆ ಬಗೆಯ ಕರಪತ್ರದಲ್ಲಿ ಎರಡನೆಯ ಅರ್ಥವೇ ಸರಿ.

ನನ್ನ ತಕರಾರಿನ ತಿರುಳು ಇಲ್ಲಿದೆ. ಹೊಸಬರು ಹೆದರುವುದು ‘ದೇ’ಗೆ ‘ಅವರು’ ಎಂದು ಬರೆದಾಗ. ‘ಅವರು ಕೈ ತೊಳೆದುಕೊಳ್ಳಬೇಕೆಂದು ನರ್ಸ್‌ಗಳು ಬಾಣಂತಿಯರಿಗೆ ಹೇಳಬೇಕು’ ಎಂಬ ವಾಕ್ಯ ಒರಟು, ಆದರೆ ಅದರಲ್ಲಿ ಸಂದೇಹ ಎದ್ದು ಕಾಣುತ್ತದೆ, ಓದಿದವರು ‘ಯಾರು?’ ಎಂದು ಕೇಳುತ್ತಾರೆ. ಒಳ್ಳೆಯ ಕನ್ನಡ ಬರೆದಾಗ ಸರ್ವನಾಮ ಕರಗಿ ಹೋಗುತ್ತದೆ, ಅದರ ಜೊತೆ ಸಂದೇಹವೂ ಕರಗುತ್ತದೆ, ಅನುವಾದಕ ತೆಗೆದುಕೊಂಡ ತೀರ್ಮಾನ ಮಾತ್ರ ಗುರುತಿಲ್ಲದೆ ಉಳಿಯುತ್ತದೆ. ಪರಿಶೀಲಿಸುವವರು ಕನ್ನಡವನ್ನು ಓದಿ ‘ಸೊಗಸಾಗಿದೆ’ ಎಂದು ಸಹಿ ಹಾಕುತ್ತಾರೆ. ಸೊಗಸೇ ಇಲ್ಲಿ ಮೋಸ ಮಾಡಿದ್ದು.

ಇದನ್ನು ತೋರಿಸಲು ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ಕಂಪ್ಯೂಟರಿಗೆ ಭಾಷೆ ಕಲಿಸುವ ಪ್ರಯತ್ನದಲ್ಲಿದ್ದ ಟೆರಿ ವಿನೋಗ್ರಾಡ್ 1972ರಲ್ಲಿ ಒಂದು ವಾಕ್ಯವನ್ನು ಚರ್ಚೆಗೆ ತಂದರು. ಅದರ ಸಾರ ಹೀಗೆ: ನಗರಸಭೆಯವರು ಮೆರವಣಿಗೆಗಾರರಿಗೆ ಪರವಾನಗಿ ಕೊಡಲಿಲ್ಲ, ಏಕೆಂದರೆ ‘ದೇ’ ಹಿಂಸೆಗೆ ಹೆದರುತ್ತಿದ್ದರು. ‘ಹೆದರುತ್ತಿದ್ದರು’ ತೆಗೆದು ‘ಹಿಂಸೆಯನ್ನು ಪ್ರತಿಪಾದಿಸುತ್ತಿದ್ದರು’ ಎಂದು ಹಾಕಿದರೆ, ಒಂದೇ ಕ್ರಿಯಾಪದ ಬದಲಾದದ್ದಕ್ಕೆ ‘ದೇ’ ಎಂಬುದು ನಗರಸಭೆಯಿಂದ ಜಿಗಿದು ಮೆರವಣಿಗೆಯ ಮೇಲೆ ಕೂರುತ್ತದೆ. ವ್ಯಾಕರಣ ಇದಕ್ಕೆ ಉತ್ತರ ಕೊಡುವುದಿಲ್ಲ, ಊರು, ರಾಜಕೀಯ, ಪೊಲೀಸ್ ಇವುಗಳ ತಿಳಿವಳಿಕೆ ಕೊಡುತ್ತದೆ. ಮೆರವಣಿಗೆ ಹೊರಟವರೆಲ್ಲ ಹೆಂಗಸರು, ನಗರಸಭೆಯವರೆಲ್ಲ ಗಂಡಸರು ಎಂದಿಟ್ಟುಕೊಂಡರೆ ಫ್ರೆಂಚಿನಲ್ಲಿ ಬಹುವಚನದ ಸರ್ವನಾಮಕ್ಕೇ ಲಿಂಗವಿರುವುದರಿಂದ ಅನುವಾದಕ ಒಂದನ್ನು ಆರಿಸಲೇಬೇಕು. ಕನ್ನಡದಲ್ಲಿ ‘ಅವರು’ ಇಬ್ಬರಿಗೂ ಹೊಂದುತ್ತದೆ. ಆದ್ದರಿಂದ ಇಂಥ ವಾಕ್ಯ ಕನ್ನಡಕ್ಕೆ ತೊಂದರೆಯೇ ಅಲ್ಲ ಎಂದು ಒಮ್ಮೆ ಒಂದು ಕಮ್ಮಟದಲ್ಲಿ ಯಾರೋ ವಾದಿಸಿದ್ದೂ ಉಂಟು.

ಆದರೆ ಕನ್ನಡದವರು ಆ ವಾಕ್ಯವನ್ನು ‘ಅವರು’ ಹಾಕಿ ಹೇಳುತ್ತಾರೆಯೇ? ‘ಗಲಾಟೆಗೆ ಹೆದರಿ ನಗರಸಭೆಯವರು ಪರವಾನಗಿ ಕೊಡಲಿಲ್ಲ’ ಎನ್ನುತ್ತಾರೆ. ‘ಹೆದರಿ’ ಎಂಬುದು ಶಾಲೆಯಲ್ಲಿ ಓದಿದ ಕೃದಂತಾವ್ಯಯ. ಇಂಥ ವಾಕ್ಯದಲ್ಲಿ ಅದರ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಬ್ಬರೇ ಆಗಿರುತ್ತಾರೆ. ಯಾರು ಪರವಾನಗಿ ಕೊಡಲಿಲ್ಲವೋ ಅವರೇ ಹೆದರಿದವರು. ಅಂದರೆ ‘ಅವರು’ ಎಂಬ ಸರ್ವನಾಮಕ್ಕಿಂತ ಎಷ್ಟೋ ಕಟ್ಟುನಿಟ್ಟಾದ ನಿರ್ಧಾರವನ್ನು ‘ಹೆದರಿ’ಯ ಕೊನೆಯ ಇಕಾರ ಮಾಡಿಬಿಡುತ್ತದೆ. ವಿನೋಗ್ರಾಡರ ವಾಕ್ಯದಲ್ಲಿ ಆ ನಿರ್ಧಾರ ಸರಿ. ಎಲ್ಲ ವಾಕ್ಯಗಳಲ್ಲೂ ಸರಿಯಾಗಿರುತ್ತದೆಂಬ ಭರವಸೆ ಇಲ್ಲ.

ಇನ್ನೊಂದು ಇಂಥದೇ ಜಾಗ ‘ತಾನು’, ‘ತನ್ನ’. ರಾಜು ರವಿಗೆ ‘ಹಿಸ್’ ಮನೆ ಮಾರಾಟವಾಯಿತೆಂದು ಹೇಳಿದ ಎಂಬಲ್ಲಿ ಇಂಗ್ಲಿಷ್ ಮೌನವಾಗಿದೆ. ಕನ್ನಡದಲ್ಲಿ ‘ತನ್ನ ಮನೆ’ ಎಂದರೆ ರಾಜುವಿನದು, ‘ಅವನ ಮನೆ’ ಎಂದರೆ ರವಿಯದೋ ಮೂರನೆಯವನದೋ. ‘ದೇ’ ಎಂಬುದು ಮನುಷ್ಯರೇ ವಸ್ತುಗಳೇ ಎಂಬುದನ್ನೂ ನಾವು ಹೇಳಲೇಬೇಕು, ‘ಅವರು’ ಅಥವಾ ‘ಅವು’. ಇವೆರಡೂ ಕಣ್ಣಿಗೆ ಬೀಳುವ ಹಟಗಳಾದ್ದರಿಂದ ಅನುವಾದಕ ಇಲ್ಲಿ ನಿಲ್ಲುತ್ತಾನೆ, ಯೋಚಿಸುತ್ತಾನೆ. ಭಾಷೆ ಬದಲಾದರೆ ಹಟವೂ ಬದಲಾಗುತ್ತದೆ. ಇಂಗ್ಲಿಷಿನ ‘ವಿ’ ಕನ್ನಡದಲ್ಲಿ ‘ನಾವು’, ಪ್ರಶ್ನೆಯೇ ಇಲ್ಲ. ಅದೇ ಕರಪತ್ರ ಮಂಗಳೂರಿನ ಕಡೆ ತುಳುವಿಗೆ ಹೋದರೆ, ಕೇಳುವವರೂ ಸೇರಿದ ‘ನಮ’ವೋ ಅವರನ್ನು ಬಿಟ್ಟ ‘ಎಂಕುಲು’ವೋ ಎಂದು ಆರಿಸದೆ ಒಂದು ವಾಕ್ಯವೂ ಮುಂದೆ ಹೋಗದು. ಇಂಗ್ಲಿಷ್ ವಾಕ್ಯ ಅದೇ, ಕನ್ನಡದವನ ಪಾಲಿಗೆ ನಿಚ್ಚಳ, ತುಳುವಿನವನ ಪಾಲಿಗೆ ಸಂದಿಗ್ಧ. ಎಲ್ಲ ಭಾಷೆಗಳಿಗೂ ಒಂದೇ ಪಟ್ಟಿ ಹಂಚುವವರು ಇದಕ್ಕೆ ಏನು ಹೇಳುತ್ತಾರೋ ಕಾಣೆ.

ಅದಕ್ಕೇ ನಾನೀಗ ಕೆಲಸದ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಇಂಗ್ಲಿಷನ್ನು ಕೆಂಪು ಮಾಡುವುದಿಲ್ಲ, ಒರಟಾದ ಒಂದು ಕನ್ನಡ ಕರಡನ್ನು ಬರೆಯುತ್ತೇನೆ. ಆ ಕರಡಿನಲ್ಲಿ ಕರ್ತೃ ಕಾಣದ ಪ್ರತಿ ಕ್ರಿಯೆಗೂ ಮಾರ್ಜಿನ್ನಿನಲ್ಲಿ ‘ಯಾರು?’ ಎಂದು ಬರೆದು, ‘ತೊಳೆದು’, ‘ಮುಟ್ಟುವಂತೆ’, ‘ಬಂದರೆ’ ಇವೆಲ್ಲಕ್ಕೂ ಒಬ್ಬೊಬ್ಬ ಮನುಷ್ಯನನ್ನು ಹೆಸರಿಸುತ್ತೇನೆ. ಆ ಹೆಸರು ಇಂಗ್ಲಿಷಿನಲ್ಲಿ ನಿಜವಾಗಿ ಇದೆಯೋ ನಾನು ಸೇರಿಸಿದ್ದೋ ಎಂದು ಆಮೇಲೆ ಮೂಲಕ್ಕೆ ಹಿಂತಿರುಗಿ ನೋಡುತ್ತೇನೆ. ನಾನು ಸೇರಿಸಿದ್ದಾದರೆ, ಅಲ್ಲಿ ನಿಲ್ಲಬಲ್ಲ ಉಳಿದ ನಾಮಪದಗಳನ್ನೂ ಒಂದೊಂದಾಗಿ ಹಾಕಿ ಓದುತ್ತೇನೆ. ಯಾವುದನ್ನು ಹಾಕಿದರೂ ಓದಿದವರು ಮಾಡುವ ಕೆಲಸ ಒಂದೇ ಆಗಿದ್ದರೆ ಬಿಟ್ಟುಬಿಡುತ್ತೇನೆ. ಮಾಡುವ ಕೆಲಸ ಬದಲಾದರೆ ಮಾತ್ರ ಪ್ರಶ್ನೆ ಕಳಿಸುತ್ತೇನೆ. ಎರಡು ಪಟ್ಟು ಸಮಯ ಹಿಡಿಯುತ್ತದೆ. ಪದಕ್ಕೆ ಇಷ್ಟು ಎಂದು ಹಣ ಕೊಡುವವರು ಇದಕ್ಕೆ ಕೊಡುವುದಿಲ್ಲ.

ಈ ಜರಡಿಯಲ್ಲಿ ಕರಪತ್ರದ ಉಳಿದೆರಡು ‘ದೇ’ಗಳನ್ನು ಹಾಕಿದೆವು. ಕನ್ನಡದ ಕರಡು ಹೀಗಿತ್ತು: ‘ಜ್ವರ ಬಂದರೆ, ಜ್ವರ ಇಳಿಯುವವರೆಗೆ ಬೇರೆಯಾಗಿ ಇರಿಸಬೇಕು.’ ಚೊಕ್ಕವಾಗಿದೆ. ಇದರಲ್ಲಿ ಯಾರೂ ಇಲ್ಲ! ಕನ್ನಡಕ್ಕೆ ಇಲ್ಲಿ ಯಾವ ಹಟವೂ ಇರಲಿಲ್ಲ. ಹಾಗೇ ಅಚ್ಚಿಗೆ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ‘ಯಾರು?’ ಎಂದು ಬರೆದು ತುಂಬಿಸಲು ಹೊರಟಾಗ ಮೂರು ಚಿತ್ರ ಬಂದವು. ನರ್ಸಿಗೆ ಜ್ವರವಾದರೆ ಅವಳನ್ನು ವಾರ್ಡಿನ ಕೆಲಸದಿಂದ ದೂರ ಇಡಬೇಕು. ಬಾಣಂತಿಗೆ ಜ್ವರವಾದರೆ ಕೂಸನ್ನು ಅವಳ ಪಕ್ಕದಿಂದ ತೆಗೆಯಬೇಕು. ಕೂಸಿಗೆ ಜ್ವರವಾದರೆ ಅದನ್ನು ಬೇರೆ ಕೋಣೆಗೆ ಒಯ್ಯಬೇಕು. ಮೂರೂ ಬೇರೆ ಬೇರೆ ಕೆಲಸ, ಮಾಡುವವರೂ ಬೇರೆ. ಎರಡನೆಯದಂತೂ ಹಾಲು ಕುಡಿಯುವ ಕೂಸಿನ ಮಟ್ಟಿಗೆ ಸಣ್ಣ ಮಾತಲ್ಲ. ಪ್ರಶ್ನೆ ಕಳಿಸಲೇಬೇಕಿತ್ತು.

ಪ್ರಶ್ನೆಯನ್ನು ಬರೆಯುವುದರಲ್ಲೂ ಒಂದು ಜಾಣತನ ಬೇಕು. ‘ದಯವಿಟ್ಟು ಈ ವಾಕ್ಯವನ್ನು ಸ್ಪಷ್ಟಪಡಿಸಿ’ ಎಂದರೆ ಬರುವ ಉತ್ತರ ‘ವಾಕ್ಯ ಸ್ಪಷ್ಟವಾಗಿಯೇ ಇದೆ’. ಬರೆದವರಿಗೆ ತಮ್ಮ ವಾಕ್ಯದಲ್ಲಿ ಒಂದೇ ಅರ್ಥ ಕಾಣುತ್ತದೆ, ಅದು ಅವರ ತಪ್ಪಲ್ಲ. ಅದಕ್ಕೇ ವ್ಯಾಕರಣದ ಮಾತೆತ್ತದೆ ಘಟನೆಯನ್ನೇ ಕೇಳಿದೆವು: ಜ್ವರ ಬಂದದ್ದು (ಅ) ನರ್ಸಿಗೆ, (ಆ) ತಾಯಿಗೆ, (ಇ) ಮಗುವಿಗೆ, ಇವುಗಳಲ್ಲಿ ಯಾವುದು? ಆಗ ಯಾರನ್ನು ಯಾರಿಂದ ದೂರ ಇಡಬೇಕು?

ಎರಡನೆಯ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದೆ. ಉತ್ತರ ಬಂದಾಗ ನಾನು ಪೆಚ್ಚಾದೆ. ತಾಯಿಗಾಗಲಿ ಮಗುವಿಗಾಗಲಿ, ಯಾರಿಗೆ ಜ್ವರ ಬಂದರೂ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ, ವಾರ್ಡಿನ ಬೇರೆ ಬಾಣಂತಿಯರಿಂದ ದೂರ ಇರಿಸಬೇಕು. ತಾಯಿ ಮಗುವನ್ನು ಅಗಲಿಸಕೂಡದು ಎಂದಿದ್ದರು. ನಾವು ಬರೆದುಕೊಂಡ ಮೂರು ಚಿತ್ರಗಳಲ್ಲಿ ಇದು ಇರಲೇ ಇಲ್ಲ. ಸರ್ವನಾಮದ ಹಿಂದೆ ಬಿದ್ದವರಿಗೆ ‘ಅಪಾರ್ಟ್’ ಕಂಡಿರಲಿಲ್ಲ. ಅದು ಸರ್ವನಾಮವಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ‘ಯಾರಿಂದ ದೂರ’ ಎಂಬುದನ್ನು ನುಂಗಿಕೊಂಡು ಕೂತ ಪದ ಅದು. ನಮ್ಮ ‘ಬೇರೆಯಾಗಿ ಇರಿಸಿ’ ಕೂಡ ಅಷ್ಟನ್ನೇ ನುಂಗುತ್ತದೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಜ್ವರ ಬಂದರೆ ಅಜ್ಜಿ ಮೊದಲು ಮಾಡುವ ಕೆಲಸ ಕೂಸನ್ನು ತನ್ನ ಪಕ್ಕಕ್ಕೆ ಮಲಗಿಸಿಕೊಳ್ಳುವುದು. ಆ ಮನೆಯವರು ‘ಬೇರೆಯಾಗಿ ಇರಿಸಿ’ ಎಂದು ಓದಿದರೆ ಏನು ಮಾಡುತ್ತಾರೆಂದು ಹೇಳಬೇಕಿಲ್ಲ.

ಹಾಗಾಗಿ ನನ್ನ ತಿರುಗಿಸಿದ ಕ್ರಮವೂ ಪೂರ್ತಿ ಗೆದ್ದಿತು ಎನ್ನಲಾರೆ. ಕನ್ನಡ ಕೇಳುವ ಪ್ರಶ್ನೆಗಳನ್ನು ಅದು ಹಿಡಿಯುತ್ತದೆ. ಕನ್ನಡವೂ ಇಂಗ್ಲಿಷಿನ ಜೊತೆ ಸೇರಿ ಬಾಯಿ ಮುಚ್ಚಿಕೊಳ್ಳುವ ಕಡೆ ಅದಕ್ಕೆ ಹಿಡಿತವಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ವ್ಯಾಕರಣವಲ್ಲ, ವಾರ್ಡಿನಲ್ಲಿ ನಿಂತು ‘ಈಗ ಯಾರನ್ನು ಎಲ್ಲಿಗೆ ಕರೆದೊಯ್ಯಬೇಕು’ ಎಂದು ಕಲ್ಪಿಸಿಕೊಂಡದ್ದು.

ಇನ್ನೊಂದು ಮಿತಿಯನ್ನೂ ಹೇಳಬೇಕು, ಏಕೆಂದರೆ ಈ ರೂಢಿಯನ್ನು ಕಲಿತ ಉತ್ಸಾಹಿಗಳು ಕಂಡಕಂಡ ಸಂದೇಹವನ್ನೆಲ್ಲ ಬಗೆಹರಿಸಲು ಹೊರಡುತ್ತಾರೆ. ಕೆಲವನ್ನು ಬಗೆಹರಿಸಕೂಡದು. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ಮಂಡಿಸಿದ ಕರಡು ಅದು. ಆ ವರ್ಷದ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆ ಸರಿಯಬೇಕು ಎಂಬಲ್ಲಿ ಇಂಗ್ಲಿಷ್ ಪಠ್ಯ ‘ಟೆರಿಟರೀಸ್’ ಎಂದಷ್ಟೇ ಹೇಳಿತು, ಅದರ ಹಿಂದೆ ‘ದ’ ಇಲ್ಲ. ಎಲ್ಲ ಪ್ರದೇಶಗಳೋ ಕೆಲವೋ? ಫ್ರೆಂಚ್ ಪಠ್ಯದಲ್ಲಿ ‘ದೇ ತೆರಿತ್ವಾರ್’ ಎಂದು ಬಂತು. ಅಲ್ಲಿ ‘ಇಂದ’ ಎಂಬುದೂ ‘ಆ’ ಎಂಬುದೂ ಒಂದೇ ಪದದೊಳಗೆ ಕೂಡಿಹೋಗಿದ್ದು, ಎಲ್ಲ ಪ್ರದೇಶಗಳಿಂದ ಎಂದು ಓದಲು ದಾರಿಯಾಯಿತು. ಅರಬ್ ದೇಶಗಳು ಫ್ರೆಂಚನ್ನು ತೋರಿಸಿದವು, ಇಸ್ರೇಲ್ ಇಂಗ್ಲಿಷನ್ನು ತೋರಿಸಿತು. ಆ ವಾದ ಇನ್ನೂ ಮುಗಿದಿಲ್ಲ.

ಇಂಗ್ಲಿಷಿನಲ್ಲಿ ಆ ಸಣ್ಣ ಪದ ಇಲ್ಲದಿರುವುದು ಕೈತಪ್ಪಿನಿಂದಲ್ಲ. ಎಲ್ಲರೂ ಕೈ ಎತ್ತಬೇಕಾದರೆ ಆ ಜಾಗ ತೆರೆದೇ ಇರಬೇಕಿತ್ತು. ಕನ್ನಡದಲ್ಲಿ ‘ಆಕ್ರಮಿತ ಪ್ರದೇಶಗಳಿಂದ’ ಎಂದು ಬರೆದರೆ ಇಂಗ್ಲಿಷಿನಷ್ಟೇ ತೆರೆದಿರುತ್ತದೆ; ನಮಗೆ ‘ದ’ ಎಂಬ ಉಪಪದವೇ ಇಲ್ಲದಿರುವುದು ಇಲ್ಲಿ ಅನುಕೂಲ. ಪಟ್ಟಿ ಹಿಡಿದ ಅನುವಾದಕ ಓದುಗರಿಗೆ ಅನುಕೂಲವಾಗಲೆಂದು ‘ಎಲ್ಲ’ ಅಥವಾ ‘ಕೆಲವು’ ಸೇರಿಸಿದರೆ ಒಂದು ಪಕ್ಷದ ವಕೀಲನಾಗಿಬಿಡುತ್ತಾನೆ. ಕಾನೂನು, ಒಪ್ಪಂದ, ರಾಜಕಾರಣದ ಹೇಳಿಕೆಗಳ ಮುಂದೆ ಕೂತಾಗ ‘ಇದರ ಅರ್ಥವೇನು’ ಎನ್ನುವುದಕ್ಕೆ ಮೊದಲು ‘ಇದನ್ನು ಬೇಕೆಂದೇ ಹೀಗೆ ಬಿಟ್ಟಿದ್ದಾರೆಯೇ’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕರಪತ್ರಕ್ಕೆ ಆ ಗೌರವ ಬೇಡ. ಜ್ವರದ ಬಗ್ಗೆ ಯಾರೂ ರಾಜತಾಂತ್ರಿಕವಾಗಿ ಬರೆಯುವುದಿಲ್ಲ.

ಕೊನೆಗೆ ಅಚ್ಚಾದ ಕನ್ನಡ ಹೀಗಿತ್ತು: ‘ಕೈ ತೊಳೆದುಕೊಂಡೇ ಕೂಸನ್ನು ಮುಟ್ಟುವಂತೆ ನರ್ಸ್‌ಗಳು ಬಾಣಂತಿಯರಿಗೆ ತಿಳಿಹೇಳಬೇಕು. ಬಾಣಂತಿಗಾಗಲಿ ಕೂಸಿಗಾಗಲಿ ಜ್ವರ ಬಂದರೆ, ಜ್ವರ ಇಳಿಯುವವರೆಗೆ ಇಬ್ಬರನ್ನೂ ಒಟ್ಟಿಗೇ ಬೇರೆ ಕೋಣೆಯಲ್ಲಿ ಇರಿಸಬೇಕು. ಕೂಸನ್ನು ತಾಯಿಯಿಂದ ಅಗಲಿಸಬಾರದು.’ ಮೊದಲ ವಾಕ್ಯ ನನ್ನ ಕೈ ತಾನಾಗಿ ಬರೆದದ್ದೇ. ಈ ಸಲ ಕೇಳಿ ಉಳಿಸಿಕೊಂಡದ್ದು. ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಇದ್ದದ್ದು ಕನ್ನಡದಲ್ಲಿ ಮೂರಾದವು. ಪುಟದ ಅಳತೆ ಮೀರಿತೆಂದು ಡಿಸೈನ್ ಮಾಡುವವರು ಗೊಣಗಿದರು.

ಉತ್ತರ ಕಳಿಸಿದ ಪತ್ರದ ಕೊನೆಯಲ್ಲಿ ಅವರು ಧನ್ಯವಾದ ಹೇಳಿ ಇನ್ನೊಂದು ಸಾಲು ಸೇರಿಸಿದ್ದರು. ಉಳಿದ ನಾಲ್ಕು ಭಾಷೆಗಳ ಕರಪತ್ರ ಆಗಲೇ ಅಚ್ಚಾಗಿ ಹಂಚಿಯೂ ಆಗಿತ್ತಂತೆ, ಯಾರೂ ಇದನ್ನು ಕೇಳಿರಲಿಲ್ಲವಂತೆ.